ಕೊನೆಯ ಇಪ್ಪತ್ತು ನಿಮಿಷ: ಬದಲಿ ಆಟಗಾರನನ್ನು ಇಳಿಸುವ ಮುನ್ನ

ಕಾರವಾರದ ಮೈದಾನದಲ್ಲಿ ನಿಮ್ಮ ಫುಟ್‌ಬಾಲ್ ತಂಡ 70ನೇ ನಿಮಿಷದಲ್ಲಿ ಒಂದು ಗೋಲಿನಿಂದ ಹಿಂದಿದೆ ಎಂದುಕೊಳ್ಳಿ. ತರಬೇತುದಾರರ ಕಣ್ಣು ಕೂಡಲೇ ಬೆಂಚಿನ ಕಡೆಗೆ ಹೋಗುತ್ತದೆ. ಯಾರನ್ನು ಇಳಿಸಬೇಕು ಎಂದು ಯೋಚಿಸುವ ಮೊದಲು, ತಂಡಕ್ಕೆ ಕಡಿಮೆ ಬಿದ್ದಿರುವುದು ಕಸುವೋ ವಿನ್ಯಾಸವೋ ಎಂಬುದನ್ನು ನಿರ್ಧರಿಸಬೇಕು.

ಇದನ್ನು ತಿಳಿಯಲು ಐದು ನಿಮಿಷ ಚೆಂಡನ್ನು ಬಿಟ್ಟು ನಡುಮೈದಾನವನ್ನು ಗಮನಿಸಿ. ಚೆಂಡು ಕಳೆದುಕೊಂಡ ಮಿಡ್‌ಫೀಲ್ಡರ್ ಹಿಂದಕ್ಕೆ ಓಡದೆ ನಡೆಯತೊಡಗಿದರೆ, ಆಟ ನಿಂತಾಗಲೆಲ್ಲ ಮೊಣಕಾಲಿನ ಮೇಲೆ ಕೈ ಊರಿ ನಿಂತರೆ, ಅದು ದಣಿವು. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲವಾದ್ದರಿಂದ ಈ ದಣಿವು ಶಿರಸಿಯಲ್ಲಿ ಆಡುವುದಕ್ಕಿಂತ ಇಲ್ಲಿ ಬೇಗ ಕಾಣಿಸಿಕೊಂಡರೆ ಅಚ್ಚರಿಯಿಲ್ಲ. ಆಗ ಅದೇ ಜಾಗಕ್ಕೆ ಅದೇ ಬಗೆಯ ಹೊಸ ಆಟಗಾರ ಸಾಕು. ಆದರೆ ನಿಮ್ಮವರು ಚೆನ್ನಾಗಿ ಓಡುತ್ತಿದ್ದರೂ ಪ್ರತಿ ಬಾರಿ ಒಂದು ಹೆಜ್ಜೆ ತಡವಾಗಿ ತಲುಪುತ್ತಿದ್ದರೆ, ಎದುರಾಳಿಯ ಒಬ್ಬ ಆಟಗಾರ ಒಂದೇ ಜಾಗದಲ್ಲಿ ಮತ್ತೆ ಮತ್ತೆ ತೆರವಾಗಿ ಸಿಗುತ್ತಿದ್ದರೆ, ದೋಷವಿರುವುದು ವಿನ್ಯಾಸದಲ್ಲಿ. ನಡುವೆ ನಿಮ್ಮ ಇಬ್ಬರ ಎದುರು ಅವರ ಮೂವರಿರುವಾಗ ದಣಿಯದ ಇಬ್ಬರನ್ನು ಇಳಿಸಿದರೆ, ಅವರೂ ತಡವಾಗಿಯೇ ತಲುಪುತ್ತಾರೆ.

ಎರಡನೆಯ ಹೆಜ್ಜೆ ಲೆಕ್ಕದ್ದು. ಈಗಿನ ಅಂತರರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಐವರನ್ನು ಬದಲಿಸಬಹುದಾದರೂ ಅದಕ್ಕಾಗಿ ಆಟ ನಿಲ್ಲಿಸಲು ಸಿಗುವ ಅವಕಾಶಗಳು ಮೂರೇ. ವಿರಾಮದಲ್ಲಿ ಮಾಡುವ ಬದಲಾವಣೆ ಈ ಮೂರರಲ್ಲಿ ಸೇರುವುದಿಲ್ಲ. ಆದ್ದರಿಂದ ಆಟಗಾರರಿಗಿಂತ ಮೊದಲು ಮುಗಿದುಹೋಗುವುದು ಅವಕಾಶಗಳು. ಸ್ಥಳೀಯ ಟೂರ್ನಿಗಳ ನಿಯಮ ಬೇರೆಯಿರಬಹುದಾದ್ದರಿಂದ ಪಂದ್ಯಕ್ಕೆ ಮೊದಲೇ ಸಂಘಟಕರನ್ನು ಕೇಳಿಕೊಳ್ಳಿ.

ಈ ಎರಡೂ ಹೆಜ್ಜೆಗಳು ಒಟ್ಟಿಗೆ ಕಾಣುವ ಪಂದ್ಯವೆಂದರೆ 2022ರ ವಿಶ್ವಕಪ್‌ನಲ್ಲಿ ಜಪಾನ್ ಜರ್ಮನಿಯನ್ನು 2–1ರಿಂದ ಸೋಲಿಸಿದ್ದು. ಮೊದಲಾರ್ಧದಲ್ಲಿ ಜರ್ಮನಿಯ ಗುಂಡೊಗಾನ್ ಪೆನಾಲ್ಟಿಯಲ್ಲಿ ಗೋಲು ಹೊಡೆದಿದ್ದರು. ಜರ್ಮನಿಯ ಆಟಗಾರರು ಜಪಾನ್‌ನ ಸಾಲುಗಳ ನಡುವೆ ಸುಲಭವಾಗಿ ತೆರವಾಗುತ್ತಿದ್ದರು. ಜಪಾನಿನ ಕೋಚ್ ಮೊರಿಯಾಸು ವಿರಾಮದಲ್ಲಿ ಕುಬೊ ಬದಲಿಗೆ ಡಿಫೆಂಡರ್ ಟೊಮಿಯಾಸು ಅವರನ್ನು ಇಳಿಸಿ ಹಿಂಬದಿಯಲ್ಲಿ ಮೂವರು ಸೆಂಟರ್‌ಬ್ಯಾಕ್‌ಗಳನ್ನಿಟ್ಟರು. ಗೋಲು ಬೇಕಾದಾಗ ಡಿಫೆಂಡರ್‌ನನ್ನು ಇಳಿಸುವುದು ನೋಡುವವರಿಗೆ ವಿಚಿತ್ರವೆನಿಸಬಹುದು, ಆದರೆ ಮುಂದಿನ ಎಲ್ಲವೂ ನಿಂತದ್ದು ಇದರ ಮೇಲೆ. ಹಿಂದೆ ಮೂವರಿದ್ದ ಕಾರಣ ಎರಡೂ ಬದಿಯ ಆಟಗಾರರು ಮುಂದೆ ಹೋಗಬಹುದಾಗಿತ್ತು. 57ನೇ ನಿಮಿಷದಲ್ಲಿ ಎಡಬದಿಗೆ ನಾಗಾಟೊಮೊ ಬದಲಿಗೆ ವಿಂಗರ್ ಮಿಟೊಮಾ ಬಂದರು, ಜೊತೆಗೆ ಮುಂಚೂಣಿಗೆ ವೇಗದ ಅಸಾನೊ. 71ರಲ್ಲಿ ಟನಾಕಾ ಹೊರಹೋಗಿ ಡೊವಾನ್ ಬಂದಾಗ ಕಾಮಾಡಾ ನಡುವಿಗೆ ಇಳಿದರು. 75ರ ಹೊತ್ತಿಗೆ ಸಕಾಯಿ ಬದಲಿಗೆ ಮಿನಾಮಿನೊ ಬಂದು, ಬಲಬದಿಯ ಕೆಲಸ ಇಟೊ ಪಾಲಿಗೆ ಬಂತು. ಆ ಹೊತ್ತಿಗೆ ಎರಡೂ ಬದಿಯಲ್ಲಿ ವಿಂಗರ್‌ಗಳೇ ಇದ್ದರು. ಮಿಟೊಮಾ ಕೊಟ್ಟ ಚೆಂಡನ್ನು ಮಿನಾಮಿನೊ ಹೊಡೆದರು, ಜರ್ಮನಿಯ ಗೋಲ್‌ಕೀಪರ್ ನೊಯರ್ ತಡೆದದ್ದು ಡೊವಾನ್ ಕಾಲಿಗೆ ಸಿಕ್ಕಿ ಗೋಲಾಯಿತು. ಮೂವರೂ ಬದಲಿಯಾಗಿ ಬಂದವರು. 83ರಲ್ಲಿ ಇಟಾಕುರಾ ದೂರದಿಂದ ತೆಗೆದುಕೊಂಡ ಫ್ರೀ ಕಿಕ್ಕನ್ನು ಹಿಡಿದು ಅಸಾನೊ ಎರಡನೆಯದನ್ನು ಹೊಡೆದರು.

ಜರ್ಮನಿ 67ರಲ್ಲಿ ಗೊರೆಟ್ಸ್‌ಕಾ ಮತ್ತು ಹಾಫ್‌ಮನ್ ಅವರನ್ನು ಇಳಿಸಿತ್ತು. ಕಾಲುಗಳು ಹೊಸದಾದವು, ಆದರೆ ಜಪಾನಿನ ಬದಲಾದ ವಿನ್ಯಾಸಕ್ಕೆ ಅದು ಉತ್ತರವಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊರಿಯಾಸು ಅವರ ದಾರಿಗೂ ಬೆಲೆಯಿತ್ತು. ಡೊವಾನ್ ಗೋಲಿಗೆ ಮೊದಲು ಗೋಲ್‌ಕೀಪರ್ ಗೊಂಡಾ ಸಾಲುಸಾಲಾಗಿ ಚೆಂಡು ತಡೆಯದಿದ್ದರೆ ಪಂದ್ಯ ಆಗಲೇ ಕೈತಪ್ಪುತ್ತಿತ್ತು. ಮೂರೂ ಅವಕಾಶಗಳು 75ಕ್ಕೇ ಮುಗಿದಿದ್ದರಿಂದ, ಆಮೇಲೆ ಯಾರಾದರೂ ಗಾಯಗೊಂಡು ಹೊರನಡೆದಿದ್ದರೆ ತಂಡ ಹತ್ತು ಮಂದಿಯೊಂದಿಗೆ ಆಡಬೇಕಾಗುತ್ತಿತ್ತು. ಹಿಂದಿರುವ ತಂಡ ಈ ಅಪಾಯವನ್ನು ಹೊರಬಹುದು. ಮುಂದಿರುವ ತಂಡ 80ನೇ ನಿಮಿಷ ದಾಟುವವರೆಗಾದರೂ ಒಂದು ಅವಕಾಶವನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ಇನ್ನು ಸೂಚನೆಯ ವಿಷಯ. ವಿನ್ಯಾಸ ಬದಲಾದಾಗ ಒಳಬರುವವನಿಗಿಂತ ಹೆಚ್ಚು ಗೊಂದಲಕ್ಕೆ ಬೀಳುವವನು, ಮೈದಾನದಲ್ಲೇ ಇದ್ದು ಜಾಗ ಬದಲಿಸಬೇಕಾದವನು; ಮೇಲಿನ ಪಂದ್ಯದಲ್ಲಿ ಕಾಮಾಡಾ, ಇಟೊ ಅಂಥವರು. ಆದ್ದರಿಂದ ಬದಲಿ ಆಟಗಾರನ ಮೂಲಕ ಅವನಿಗೆ ಒಂದೇ ವಾಕ್ಯ ಕಳಿಸಿ: ಚೆಂಡು ಎದುರಾಳಿಯ ಬಳಿಯಿರುವಾಗ ಎಲ್ಲಿ ನಿಲ್ಲಬೇಕು, ಯಾರನ್ನು ಕಾಯಬೇಕು. ಬದಲಾವಣೆಯಾದ ಎರಡು ನಿಮಿಷದ ಮೇಲೂ ಇಬ್ಬರು ಒಬ್ಬನನ್ನೇ ಕಾಯುತ್ತಿದ್ದರೆ ಆ ಮಾತು ತಲುಪಿಲ್ಲವೆಂದು ತಿಳಿದು, ಚೆಂಡು ಹೊರಹೋದ ಕೂಡಲೇ ನಾಯಕನನ್ನು ಗೆರೆಯ ಬಳಿ ಕರೆದು ಹೇಳಿ. ಎದುರಾಳಿಗೆ ಕಾರ್ನರ್ ಸಿಕ್ಕಿರುವಾಗ ಮಾತ್ರ, ಗಾಯವಾಗದ ಹೊರತು, ಯಾರನ್ನೂ ಬದಲಿಸಬೇಡಿ. ಹೊರಹೋದವನು ಕಾಯುತ್ತಿದ್ದ ಆಟಗಾರ ಆ ಕ್ಷಣದಲ್ಲಿ ಯಾರ ಪಾಲಿಗೂ ಇರುವುದಿಲ್ಲ.