ಖಡಕ್ ರೊಟ್ಟಿಗೆ ನಾಲ್ಕೂವರೆ ರೂಪಾಯಿಯ ಪ್ಯಾಕೆಟ್

ಕಲಬುರಗಿಯಲ್ಲಿ ಖಡಕ್ ರೊಟ್ಟಿ ಮಾರೋಕೆ ಪ್ಯಾಕಿಂಗ್ ಬೇಕೇ ಇಲ್ಲ. ಹಳೇ ಪೇಪರಿನಲ್ಲಿ ಸುತ್ತಿಕೊಟ್ಟರೂ ಒಯ್ಯುತ್ತಾರೆ (ಹಾಗೆ ಕೊಡಬಾರದು, ಅಚ್ಚಿನ ಮಸಿ ರೊಟ್ಟಿಗೆ ಹತ್ತುತ್ತೆ). ತೊಂದರೆ ಶುರುವಾಗಿದ್ದು ಬೆಂಗಳೂರಿನ ಒಂದು ಅಂಗಡಿಯವರು ವಾರಕ್ಕೆ 60 ಪ್ಯಾಕೆಟ್ ಕಳಿಸಿ ಅಂದಾಗ. ಇಲ್ಲಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಹಾಕಿದ ಮಾಲು ಅಲ್ಲಿ ಮುಟ್ಟೋದು ಬೆಳಗ್ಗೆ.

ಮೊದಲ ಸಲ ನಾನು ಚೆಂದಕ್ಕೆ ಮರುಳಾದೆ. ಕಿಟಕಿ ಇರುವ ಕಂದು ಕಾಗದದ ಪೌಚ್ ತರಿಸಿದೆ, ಒಂದಕ್ಕೆ 11 ರೂಪಾಯಿ ಬಿತ್ತು. ನೋಡೋಕೆ ಜೋರಾಗಿತ್ತು. ಆದರೆ ಪೌಚಿಗೆ ಬಿಗಿ ಅನ್ನೋದಿಲ್ಲ, ಒಳಗೆ ರೊಟ್ಟಿ ಜಾರಾಡಿ ಅಂಚೆಲ್ಲ ಚೂರಾಗಿತ್ತು. ಅಂಗಡಿಯವರು ಫೋಟೋ ಕಳಿಸಿದರು: ಪೌಚಿನ ತಳದಲ್ಲಿ ಒಂದು ಹಿಡಿ ಪುಡಿ. 90 ರೂಪಾಯಿಯ ಪ್ಯಾಕೆಟ್ಟಿನಲ್ಲಿ 11 ರೂಪಾಯಿ ಪೌಚಿಗೇ ಹೋಗಿ, ಮೇಲೆ ರೊಟ್ಟಿನೂ ಮುರಿದರೆ ಉಳಿಯೋದು ಏನು?

ಆಮೇಲೆ ನಾನು ಕವರಿನ ಬದಲು ರೊಟ್ಟಿಯ ಅಳತೆ ಹಿಡಿದೆ. ನಮ್ಮ ರೊಟ್ಟಿ ಒಂಬತ್ತೂವರೆ ಇಂಚು. ಒಂದರ ಮೇಲೊಂದು ಜೋಡಿಸಿದ ಹತ್ತು ರೊಟ್ಟಿಯ ಗಡ್ಡೆ ಒಂದೂಕಾಲು ಇಂಚು ಎತ್ತರ. ಕವರಿನ ಅಗಲ ಅಂದರೆ ರೊಟ್ಟಿಯ ಅಗಲಕ್ಕೆ ಗಡ್ಡೆಯ ಎತ್ತರ ಕೂಡಿಸಬೇಕು, ಅಲ್ಲಿಗೆ 10 ಇಂಚಿನ ಕವರಿನಲ್ಲಿ ಹೋಗಲ್ಲ. ಗಂಜ್ ಮಾರ್ಕೆಟ್ಟಿನಲ್ಲಿ ಅದರ ಮುಂದಿನ ಸೈಜು 12 × 16, ಅದರಲ್ಲಿ ರೊಟ್ಟಿ ಲಟಪಟ. ಹಾಗಾಗಿ ರೊಟ್ಟಿಯನ್ನೇ 8 ಇಂಚಿಗೆ ಇಳಿಸಿದೆ. ಅಳತೆಗೆ ಒಂದು ಸ್ಟೀಲ್ ತಟ್ಟೆ ಇಟ್ಟೆ. "ಇಷ್ಟು ಸಣ್ಣ ರೊಟ್ಟಿ ಯಾರ್ ತಿಂತಾರ್ರೀ ಅಕ್ಕೋರೆ" ಅಂತ ಬಡಿಯೋ ಹೆಣ್ಣುಮಕ್ಕಳು ನಕ್ಕರು. ಹತ್ತರ ಜಾಗದಲ್ಲಿ ಹದಿನಾಲ್ಕು ಹಾಕಿದೆ, ತೂಕ ಮೊದಲಿನಷ್ಟೇ 350 ಗ್ರಾಂ. ಗಿರಾಕಿಗೆ ಮೋಸ ಇಲ್ಲ, 10 × 14 ಕವರಿನಲ್ಲಿ ಗಡ್ಡೆ ಬಿಗಿಯಾಗಿ ಕೂತಿತು.

ಕವರ್ ಕೆಜಿ ಲೆಕ್ಕದಲ್ಲಿ ಸಿಗುತ್ತೆ, ಹಾಗಾಗಿ ಕೆಜಿಗೆ ಎಷ್ಟು ಕವರ್ ಬರುತ್ತೆ ಅಂತ ಎಣಿಸಿ ನೋಡಬೇಕು, ರೇಟು ಒಂದೇ ಕೇಳಿದರೆ ಸಾಲದು. ನಾನು ತರೋದು 200 ಗೇಜಿನ ಪಿಪಿ ಪ್ಲಾಸ್ಟಿಕ್ ಕವರ್, ಅಂದರೆ 50 ಮೈಕ್ರಾನ್ ದಪ್ಪದ್ದು. 12 × 16 ಆದರೆ ಕೆಜಿಗೆ ಸುಮಾರು 90 ಬರುತ್ತೆ, 10 × 14 ಆದರೆ 120. ನನಗೆ ಕೆಜಿಗೆ 180 ರೂಪಾಯಿ ಬಿದ್ದಿತ್ತು, ಎರಡು ರೂಪಾಯಿಯ ಕವರ್ ಒಂದೂವರೆಗೆ ಇಳಿಯಿತು. ಒಂದು ಎಚ್ಚರಿಕೆ: ಕನ್ನಡಿ ಥರ ಹೊಳೆಯುವ, ಪಟಪಟ ಅನ್ನುವ ಬಿಒಪಿಪಿ ಕವರ್ ತೋರಿಸುತ್ತಾರೆ. ಅದು ಅಂಟುವ ಪದರ ಇಲ್ಲದ ಮಾಮೂಲಿ ಕವರ್ ಆಗಿದ್ದರೆ ಕೈ ಸೀಲಿಂಗ್ ಮಷೀನಿನಲ್ಲಿ ಸರಿಯಾಗಿ ಅಂಟಲ್ಲ, ಮುದುಡುತ್ತೆ. ಅಂಗಡಿಯಲ್ಲೇ ಒಂದು ಸೀಲ್ ಹಾಕಿ ನೋಡಿ ತಗೊಳ್ಳಿ.

ಬಿಗಿ ಬರಲಿ ಅಂತ ಗಡ್ಡೆಯ ಮೇಲೊಂದು ಕೆಳಗೊಂದು ಮೂರು ಪದರದ ರಟ್ಟು ಇಟ್ಟು, ರಟ್ಟಿನ ಸಮೇತ ಕವರಿಗೆ ಹಾಕಿ ಸೀಲ್ ಮಾಡಿದೆ. ರೊಟ್ಟಿಗೆ ತಾಗದಿರಲಿ ಅಂತ ನಡುವೆ ಬಟರ್ ಪೇಪರ್. ಸೊಂಟದ ಎತ್ತರದಿಂದ ನಾಲ್ಕು ಸಲ ಬೀಳಿಸಿದೆ, ಒಂದೂ ಮುರಿಯಲಿಲ್ಲ. ಗೆದ್ದೆ ಅಂದುಕೊಂಡೆ.

ಜುಲೈ ತಿಂಗಳ ಮಳೆ ಬಂತು, ಫೋನೂ ಬಂತು. "ರೊಟ್ಟಿ ಮೆತ್ತಗಾಗ್ಯಾವ ನೋಡ್ರಿ."

ಸೀಲ್ ಸೋರಿರಬೇಕು ಅಂತ ಬಕೆಟ್ ನೀರಿನಲ್ಲಿ ಪ್ಯಾಕೆಟ್ ಮುಳುಗಿಸಿ ಒತ್ತಿದೆ. ಒಂದು ಗುಳ್ಳೆ ಬರಲಿಲ್ಲ. ಬಿಸಿ ಇದ್ದಾಗ ಪ್ಯಾಕ್ ಮಾಡಿದ್ದಾರೇನೋ ಅಂದರೆ, ಹಾಗಾದರೆ ಕವರಿನ ಒಳಗೆ ಹನಿ ಕಾಣಬೇಕಿತ್ತು, ಅದೂ ಇಲ್ಲ. ಮನೆಯಲ್ಲೇ ಒಂದು ಪ್ಯಾಕೆಟ್ ತೂಗಿ ಇಟ್ಟೆ. ಹತ್ತು ದಿನ ಆದ ಮೇಲೆ ಮತ್ತೆ ತೂಗಿದರೆ ಒಂದು ಗ್ರಾಂ ಹೆಚ್ಚಿಲ್ಲ, ಅಂದರೆ ಹೊರಗಿನ ತೇವ ಒಳಗೆ ಹೋಗಿಲ್ಲ. ಬಿಚ್ಚಿ ಒಂದೊಂದೇ ಮುರಿದೆ. ನಡುವಿನ ಹನ್ನೆರಡು ಪಟ್ ಅಂತ ಮುರಿದವು. ಮೇಲಿನದೊಂದು, ಕೆಳಗಿನದೊಂದು ಮಾತ್ರ ಚಪಾತಿ ಥರ ಬಾಗಿದವು. ರಟ್ಟಿಗೆ ಹತ್ತಿರ ಇದ್ದವು ಅವೆರಡೇ!

ಮಳೆಗಾಲದಲ್ಲಿ ರಟ್ಟು ಸುಮ್ನೆ ಇಟ್ಟರೂ ಗಾಳಿಯ ತೇವ ಹೀರಿಕೊಂಡಿರುತ್ತೆ, ಕೈಗೆ ಒಣಗಿದ ಹಾಗೇ ಕಾಣುತ್ತೆ. ಅದನ್ನು ಬಿಸಿಲಲ್ಲಿ ಇಟ್ಟು ತೂಗಿದೆ, ಎರಡು ರಟ್ಟು ಸೇರಿ ಮೂರು ಗ್ರಾಂ ಇಳಿಯಿತು. ಆ ಮೂರು ಗ್ರಾಂ ನೀರನ್ನು ನಾನೇ ಕವರಿನೊಳಗೆ ಹಾಕಿ ಸೀಲ್ ಮಾಡಿ ಕಳಿಸಿದ್ದೆ. ರೊಟ್ಟಿಯೋ ಒಣಕಲು, ಹತ್ತಿರ ಸಿಕ್ಕಿದ್ದನ್ನ ಕುಡಿಯಿತು. ಬಟರ್ ಪೇಪರ್ ಇದನ್ನು ತಡೆಯಲ್ಲ.

ಈಗ ರಟ್ಟು ಕವರಿನ ಹೊರಗೆ. ಒಳಗೆ ರೊಟ್ಟಿ ಮಾತ್ರ, ಚೆನ್ನಾಗಿ ಆರಿದ್ದು. ಸೀಲ್ ಹಾಕೋ ಮೊದಲು ಕವರಿನ ಬಾಯಿಯನ್ನು ಒಣ ಬಟ್ಟೆಯಿಂದ ಒರೆಸುತ್ತೇವೆ, ಯಾಕಂದರೆ ಹಿಟ್ಟಿನ ಪುಡಿ ಕೂತ ಕಡೆ ಸೀಲ್ ಹಿಡಿಯಲ್ಲ. ಕೆಳಗೆ ಎಂಟೂವರೆ ಇಂಚಿನ ರಟ್ಟು. ಚೌಕ ರಟ್ಟಿನ ಮೂಲೆ ಕವರಿಗೆ ಚುಚ್ಚುತ್ತಿತ್ತು, ದುಂಡಗೆ ಕತ್ತರಿಸೋದು ತಲೆನೋವು, ಅದಕ್ಕೆ ನಾಲ್ಕೂ ಮೂಲೆ ಓರೆಯಾಗಿ ಹಾರಿಸುತ್ತೇವೆ. ಮೇಲಿನದು ನಾಲ್ಕು ಇಂಚು ಅಗಲದ ಪಟ್ಟಿ ಅಷ್ಟೇ, ಎರಡೂ ಬದಿಗೆ ರೊಟ್ಟಿ ಕಾಣಬೇಕಲ್ವಾ. ರಟ್ಟು ರೊಟ್ಟಿಗಿಂತ ಅರ್ಧ ಇಂಚು ದೊಡ್ಡದು. ಹಾಗಾಗಿ ಡಬ್ಬದಲ್ಲಿ ಪ್ಯಾಕೆಟ್‌ಗಳನ್ನು ತಟ್ಟೆ ಜೋಡಿಸಿದ ಹಾಗೆ ನಿಲ್ಲಿಸಿದರೆ ಭಾರ ರಟ್ಟಿನ ಅಂಚಿಗೆ ಬೀಳುತ್ತೆ, ರೊಟ್ಟಿಗೆ ಅಲ್ಲ. ಈ ಎರಡು ರಟ್ಟಿಗೆ 2 ರೂಪಾಯಿ.

ಇವನ್ನೆಲ್ಲ ಹಿಡಿದಿಡೋದು ಸುತ್ತಲಿನ ಒಂದು ಕಾಗದದ ಪಟ್ಟಿ, ಚೆಂದ ಎಲ್ಲ ಅದರಲ್ಲೇ. ಲಗ್ನಪತ್ರಿಕೆ ಹಾಕುವ ಪ್ರೆಸ್ಸಿನಲ್ಲಿ ಮಾಡಿಸಿದೆ. 18 × 23 ಇಂಚಿನ ಹಾಳೆಗೆ ಐದು ಪಟ್ಟಿ, 5000 ಪಟ್ಟಿಗೆ 4500 ರೂಪಾಯಿ, ಅಂದರೆ ಒಂದಕ್ಕೆ 90 ಪೈಸೆ. ಒಂದೇ ಬಣ್ಣ: ಹಸಿರು. ಯಾಕೆ ಹಸಿರು ಅಂದರೆ ಸಸ್ಯಾಹಾರದ ಗುರುತು ಹಸಿರಲ್ಲೇ ಇರಬೇಕು, ಬೇರೆ ಬಣ್ಣ ಆರಿಸಿದ್ದರೆ ಆ ಒಂದು ಚುಕ್ಕೆಗೆ ಎರಡನೇ ಬಣ್ಣದ ದುಡ್ಡು ಕೊಡಬೇಕಿತ್ತು. ಬಿಳಿ ಹಾಳೆ, ಮುಂದೆ ದೊಡ್ಡದಾಗಿ ಹೆಸರು, ಒಂದು ಜೋಳದ ತೆನೆ. ಹಿಂದೆ ಪದಾರ್ಥಗಳು, ಪೌಷ್ಟಿಕಾಂಶ, ತೂಕ, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು. ಬೆಲೆ, ಬ್ಯಾಚ್, ತಾರೀಖು ಮಾತ್ರ ಅಚ್ಚು ಹಾಕಿಸಲಿಲ್ಲ. ಜಾಗ ಖಾಲಿ ಬಿಟ್ಟು ಪ್ಯಾಕ್ ಮಾಡುವ ದಿನ ಮುದ್ರೆ ಒತ್ತುತ್ತೇವೆ, ಇಲ್ಲದಿದ್ದರೆ ಜೋಳದ ರೇಟು ಏರಿದ ದಿನ ಉಳಿದ ಪಟ್ಟಿಯೆಲ್ಲ ರದ್ದಿ.

ಒಟ್ಟು ನಾಲ್ಕೂವರೆ ರೂಪಾಯಿ ಒಳಗೆ ಬರುತ್ತೆ. ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ, ಮಾತ್ರ ಇದೇ ಕವರ್ ಹಾಕಬೇಡಿ. ಅದರ ಎಣ್ಣೆಗೆ ಗಾಳಿ ಬೆಳಕು ತಾಗಿದರೆ ಕಮಟು ವಾಸನೆ ಬರುತ್ತೆ, ಅದಕ್ಕೆ ಒಳಗೆ ಬೆಳ್ಳಿ ಬಣ್ಣದ ಪದರ ಇರುವ ಪೌಚೇ ಬೇಕು, ದುಡ್ಡು ಜಾಸ್ತಿಯಾದರೂ.

ಒಂದು ತಕರಾರು ಇನ್ನೂ ಉಳಿದಿದೆ. ಒಮ್ಮೆ ಬಿಚ್ಚಿದರೆ ಈ ಕವರ್ ಮತ್ತೆ ಮುಚ್ಚಲ್ಲ. ಜಿಪ್ ಇರುವ ಕವರ್ ಕೇಳಿ ನೋಡಿದೆ, ರೇಟು ಮೂರು ಪಟ್ಟು. ಸದ್ಯಕ್ಕೆ ಪಟ್ಟಿಯ ಹಿಂದೆ "ಬಿಚ್ಚಿದ ಮೇಲೆ ಡಬ್ಬಿಗೆ ಹಾಕಿ ಮುಚ್ಚಿಡಿ" ಅಂತ ಒಂದು ಸಾಲು ಸೇರಿಸಿದ್ದೇನೆ.