ನಿಶಾನೆ ಡಿ-3 ತೀರ್ಪಿನಲ್ಲಿ ಕಾಣಲೇ ಇಲ್ಲ: ನಾನು ಹಾಕಿದ ಒಂದು ರಿವ್ಯೂ ಅರ್ಜಿ

ಸಾಲ ವಸೂಲಿಯ ದಾವೆ. ನನ್ನ ಕಕ್ಷಿದಾರರು ಪ್ರತಿವಾದಿ. ಕೇಳಿದ್ದು 4,80,000 ರೂಪಾಯಿ, ಪೂರ್ತಿ ಮೊತ್ತಕ್ಕೇ ಡಿಕ್ರಿ ಆಗಿತ್ತು. ತೀರ್ಪಿನ ನಕಲು ಹಿಡಿದು ಬಂದು, "ಸಾರ್, ಇದೇ ಜಡ್ಜ್ ಹತ್ರ ಇನ್ನೊಂದ್ಸಲ ಕೇಳೋಣ" ಅಂದರು. ಅವರಿಗೆ ಮೂರು ದೂರುಗಳಿದ್ದವು. ತಾವು 1,50,000 ವಾಪಸ್ ಕೊಟ್ಟ ರಸೀದಿಯ ಬಗ್ಗೆ ತೀರ್ಪಿನಲ್ಲಿ ಒಂದು ಮಾತೂ ಇಲ್ಲ. ತಮ್ಮ ಸಾಕ್ಷಿಯನ್ನು ನಂಬಿಲ್ಲ. ಜೊತೆಗೆ, ಮನೆಯ ಬೀರುವಿನಲ್ಲಿ ಈಗ ಒಂದು ಹಳೆಯ ಪತ್ರ ಸಿಕ್ಕಿದೆ.

ತೀರ್ಪು ಕೊಟ್ಟ ಕೋರ್ಟೇ ಅದನ್ನು ಮತ್ತೆ ನೋಡುವುದು ರಿವ್ಯೂ. ಮೂರು ದೂರುಗಳಲ್ಲಿ ಒಂದು ಮಾತ್ರ ಅದಕ್ಕೆ ನಿಲ್ಲುತ್ತದೆ ಎಂದೆ. ಅವರಿಗೆ ಬೇಸರವಾಯಿತು.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 114 ಮತ್ತು ಆದೇಶ 47ರ ನಿಯಮ 1 ಕೊಡುವ ಬಾಗಿಲು ತುಂಬಾ ಚಿಕ್ಕದು. ಎಷ್ಟು ಎಚ್ಚರ ವಹಿಸಿದ್ದರೂ ಮೊದಲು ಸಿಗದಿದ್ದ ಹೊಸ ಮುಖ್ಯ ಸಾಕ್ಷ್ಯ, ಕಡತದ ಮೇಲೆಯೇ ಕಾಣುವ ತಪ್ಪು, ಇಲ್ಲವೇ ಇವೆರಡಕ್ಕೆ ಹೋಲುವ ಬೇರೆ ಕಾರಣ. ಅಷ್ಟೇ. ಬೀರುವಿನ ಪತ್ರ ಅವರ ಮನೆಯಲ್ಲೇ ಇತ್ತು. ಹುಡುಕಿದ್ದರೆ ಸಿಗುತ್ತಿತ್ತು, ಹಾಗಾಗಿ ಅದು ಬಿತ್ತು. ಸಾಕ್ಷಿಯನ್ನು ನಂಬುವುದು ಬಿಡುವುದು ತೂಗಿ ನೋಡುವ ಕೆಲಸ. ಆ ತೂಕ ತಪ್ಪು ಅಂತ ಹೇಳಬೇಕಾದರೆ ಮೇಲಿನ ಕೋರ್ಟಿಗೇ ಹೋಗಬೇಕು.

ಉಳಿದದ್ದು ರಸೀದಿ. ಅದು ಕೋರ್ಟಿನಲ್ಲಿ ಪ್ರತಿವಾದಿಯ ದಾಖಲೆಯಾಗಿ ನಿಶಾನೆ ಡಿ-3 ಎಂದು ಗುರುತಾಗಿತ್ತು. ಪಾಟೀಸವಾಲಿನಲ್ಲಿ ವಾದಿ, "ಸಹಿ ನನ್ನದೇ, ಹಣ ಬಂದಿದೆ" ಎಂದು ಒಪ್ಪಿದ್ದರು. ತೀರ್ಪಿನಲ್ಲಿ ಮಾತ್ರ, "ಪ್ರತಿವಾದಿ ಹಣ ಮರಳಿಸಿದ್ದಕ್ಕೆ ಯಾವ ದಾಖಲೆಯನ್ನೂ ಹಾಜರುಪಡಿಸಿಲ್ಲ" ಎಂದು ಬರೆದಿತ್ತು. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ವಾದವೇ ಬೇಡ. ತಪ್ಪನ್ನು ತೋರಿಸಲು ಉದ್ದದ ತರ್ಕ ಬೇಕಾದರೆ ಅದು ಕಡತದ ಮೇಲೆ ಕಾಣುವ ತಪ್ಪಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಪಾರ್ಸಿಯನ್ ದೇವಿ ಕೇಸಿನಲ್ಲಿ ಹೇಳಿದೆ. ನಾನು ಪ್ರತಿ ಸಲ ಬಳಸುವ ಅಳತೆಗೋಲು ಇದೇ. ಒಂದು ವೇಳೆ ವಾದಿ ಸಹಿಯನ್ನು ಅಲ್ಲಗಳೆದಿದ್ದು, ಜಡ್ಜ್ ರಸೀದಿಯನ್ನು ನೋಡಿ ನಂಬದೆ ಬಿಟ್ಟಿದ್ದರೆ, ನಾನು ರಿವ್ಯೂ ಹಾಕುತ್ತಲೇ ಇರಲಿಲ್ಲ. ಅದು ನೇರ ಅಪೀಲಿನ ವಿಷಯ.

ಅರ್ಜಿ ಎರಡೇ ಪುಟ. ತೀರ್ಪಿನ ಪ್ಯಾರಾ ಸಂಖ್ಯೆ, ಹೇಳಿಕೆಯ ಪುಟ, ನಿಶಾನೆ, ಇಷ್ಟೇ. ಸಾಕ್ಷಿಯ ವಿಷಯವನ್ನೂ ಸೇರಿಸಿ ಅಂತ ಕಕ್ಷಿದಾರರು ಒತ್ತಾಯ ಮಾಡಿದರು. ಒಪ್ಪಲಿಲ್ಲ. ಅದನ್ನು ಸೇರಿಸಿದ್ದರೆ ಇಡೀ ಅರ್ಜಿಗೆ ವೇಷ ಹಾಕಿದ ಅಪೀಲಿನ ಹಾಗೆ ವಾಸನೆ ಬರುತ್ತಿತ್ತು, ಒಳ್ಳೆಯ ಅಂಶವೂ ಅದರ ಜೊತೆ ಮುಳುಗುತ್ತಿತ್ತು.

ಕಾಲಮಿತಿಯಲ್ಲಿ ಜಾಸ್ತಿ ಜನ ಎಡವುತ್ತಾರೆ. ರಿವ್ಯೂಗೆ ಡಿಕ್ರಿಯ ದಿನದಿಂದ 30 ದಿನ. ದೃಢೀಕೃತ ನಕಲಿಗೆ ತಗುಲಿದ ಸಮಯವನ್ನು ಕಳೆಯಬಹುದು. ನಮ್ಮ ಕೇಸಿನಲ್ಲಿ ಅಪೀಲಿಗೂ 30 ದಿನವೇ. ಹೈಕೋರ್ಟಿಗೆ ಹೋಗುವ ಅಪೀಲಾದರೆ 90. ರಿವ್ಯೂ ಹಾಕಿದ್ದೇವೆ ಅಂದ ಮಾತ್ರಕ್ಕೆ ಅಪೀಲಿನ ದಿನ ಎಣಿಕೆ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಅಪೀಲನ್ನು ಮೊದಲು ಹಾಕಿಬಿಟ್ಟರೆ ಅದೇ ಡಿಕ್ರಿಯ ಮೇಲೆ ನೀವು ರಿವ್ಯೂ ಕೇಳುವಂತಿಲ್ಲ. ಕ್ರಮ ತಪ್ಪಬಾರದು ಅಲ್ವಾ? ನಾನು 18ನೇ ದಿನ ರಿವ್ಯೂ ಹಾಕಿದೆ, 28ನೇ ದಿನ ಅಪೀಲು. ಮೊದಲೇ ಹಾಕಿದ ರಿವ್ಯೂವನ್ನು ಅಪೀಲು ತೀರ್ಮಾನವಾಗುವ ತನಕ ಕೋರ್ಟ್ ಕೇಳಬಹುದು.

ಇನ್ನೊಂದು ವಿಷಯ ನಮಗೆ ಅನುಕೂಲವಾಯಿತು. ತೀರ್ಪು ಕೊಟ್ಟ ಜಡ್ಜ್ ಇನ್ನೂ ಅಲ್ಲೇ ಇದ್ದರು. ಹಾಗಿದ್ದಾಗ ರಿವ್ಯೂ ಅವರೇ ಕೇಳಬೇಕೆಂಬುದು ನಿಯಮ. ಎದುರಿನ ವಕೀಲರು, "ಇದು ಸಾಕ್ಷ್ಯದ ಮರುತೂಕ" ಎಂದು ವಾದಿಸಿದರು. ನಾನು ಎದ್ದು ಪಾಟೀಸವಾಲಿನ ಆ ಎರಡು ಸಾಲು ಓದಿದೆ. ಜಡ್ಜ್ ಕಡತ ತರಿಸಿ, ಡಿ-3 ಮೇಲಿನ ಮೊಹರು ನೋಡಿ, ಆಮೇಲೆ ತಮ್ಮ ತೀರ್ಪಿನ ಪ್ಯಾರಾ ತಿರುವಿದರು. ಸ್ವಲ್ಪ ಹೊತ್ತು ಮೌನ. "ಇದು ನನ್ನ ಕಣ್ಣು ತಪ್ಪಿದೆ" ಎಂದರು. ಹಾಗೆ ಹೇಳಲು ದೊಡ್ಡ ಮನಸ್ಸು ಬೇಕು.

ರಿವ್ಯೂ ಮಂಜೂರಾಯಿತು, ಡಿಕ್ರಿ 3,30,000ಕ್ಕೆ ಇಳಿಯಿತು. ಹಳೆಯ ಡಿಕ್ರಿಯೇ ಇಲ್ಲದ ಮೇಲೆ ಅದರ ಮೇಲಿನ ಅಪೀಲಿಗೂ ಅರ್ಥ ಉಳಿಯಲಿಲ್ಲ, ವಾಪಸ್ ಪಡೆದೆವು. ಅರ್ಜಿ ವಜಾ ಆಗಿದ್ದರೆ ಆ ವಜಾ ಆದೇಶದ ಮೇಲೆ ಅಪೀಲು ಇರುತ್ತಿರಲಿಲ್ಲ, ಮತ್ತೊಂದು ರಿವ್ಯೂವಿಗೂ ಅವಕಾಶವಿರಲಿಲ್ಲ. ಮೂಲ ಡಿಕ್ರಿಯ ಮೇಲಿನ ಅಪೀಲು ಮಾತ್ರ ನಮ್ಮ ಕೈಯಲ್ಲಿರುತ್ತಿತ್ತು. 28ನೇ ದಿನ ಅದನ್ನು ಹಾಕಿಟ್ಟಿದ್ದು ಅದಕ್ಕೇ. ಸಾಕ್ಷಿಯ ವಿಷಯಕ್ಕೆ ಹೊಸ ಡಿಕ್ರಿಯ ಮೇಲೆ ಅಪೀಲು ಹಾಕಬಹುದು ಎಂದು ಕಕ್ಷಿದಾರರಿಗೆ ತಿಳಿಸಿದೆ. ಅವರು ಎರಡು ದಿನ ಯೋಚಿಸಿ, ಉಳಿದ ಹಣವನ್ನು ಕೋರ್ಟಿಗೆ ಕಟ್ಟಿಬಿಟ್ಟರು.