ರಿಲೀಸ್ ಡೇಟ್ ಅಂದರೆ ರೂಮು ಹೋಗುವ ದಿನವೋ, ದುಡ್ಡು ಹೋಗುವ ದಿನವೋ?

ನಾನು ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ನಮ್ಮ ಸಂಘದ ಸಮ್ಮೇಳನ ಮೈಸೂರಿನಲ್ಲಿ ನಡೆದಾಗಲೆಲ್ಲ ವಸತಿ ಸಮಿತಿ ನನ್ನ ತಲೆಗೇ ಬರುತ್ತದೆ. ಊಟದ ಸಮಿತಿಗೆ ಹೊಗಳಿಕೆಯಾದರೂ ಸಿಗುತ್ತದೆ. ವಸತಿಯವರನ್ನು ಜನ ನೆನೆಸಿಕೊಳ್ಳುವುದು ರಾತ್ರಿ ಹನ್ನೊಂದಕ್ಕೆ ರೂಮು ಸಿಗದಿದ್ದಾಗ ಮಾತ್ರ.

ಮೊದಲ ಸಲ ಸಮ್ಮೇಳನ ಫೆಬ್ರವರಿಯಲ್ಲಿತ್ತು. ಒಂದು ಹೋಟೆಲಿನಲ್ಲಿ 30 ರೂಮು ಹಿಡಿಸಿದ್ದೆ. 25,000 ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದೆವು. ಅವರ ಪತ್ರದಲ್ಲಿ 'ರಿಲೀಸ್ ಡೇಟ್: 15 ದಿನ ಮುಂಚೆ' ಅಂತ ಒಂದು ಸಾಲು ಇತ್ತು. ಅಡ್ವಾನ್ಸ್ ಕೊಟ್ಟಾಗಿದೆ, ಇನ್ನೇನು ಅಂತ ನಾನು ಅದರ ಕಡೆ ನೋಡಲೇ ಇಲ್ಲ. ನಮ್ಮ ನೋಂದಣಿ ಮುಗಿಯುತ್ತಿದ್ದದ್ದು ಸಮ್ಮೇಳನಕ್ಕೆ ಹತ್ತು ದಿನ ಇದ್ದಾಗ. ಅಷ್ಟೂ ಹೆಸರು ಕೂಡಿಸಿ ಪಟ್ಟಿ ಕಳಿಸಿದರೆ, ಹೋಟೆಲಿನವರು ತಣ್ಣಗೆ ಹೇಳಿದರು: "ಸಾರ್, ಆ ದಿನದೊಳಗೆ ನೀವು 17 ರೂಮಿಗೆ ಹೆಸರು ಕೊಟ್ಟಿದ್ರಿ. ಉಳಿದ 13 ರಿಲೀಸ್ ಆಯ್ತಲ್ಲ." ಆ ವಾರ ಒಳ್ಳೆಯ ಮುಹೂರ್ತ ಬೇರೆ. 13 ರೂಮೂ ಒಂದು ಮದುವೆ ಪಾರ್ಟಿಗೆ ಹೋಗಿದ್ದವು. ನಮ್ಮವರನ್ನು ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜುಗಳಲ್ಲಿ ಹಂಚಿಹಾಕಿದೆ. ಅಡ್ವಾನ್ಸ್ ಎಲ್ಲಿಗೂ ಹೋಗಿರಲಿಲ್ಲ, ಬಿಲ್ಲಿನಲ್ಲಿ ಕಳೆದರು. ಅದು ಬಿಲ್ಲಿಗೆ ಕೊಟ್ಟ ಮುಂಗಡವಾಗಿತ್ತೇ ಹೊರತು ರೂಮು ಹಿಡಿದಿಡುವ ಹಣ ಆಗಿರಲಿಲ್ಲ. ಹೋಟೆಲಿನವರದು ತಪ್ಪು ಅಂತ ಹೇಳಲು ನನಗೆ ಬಾಯಿಯೇ ಇರಲಿಲ್ಲ, ಪತ್ರಕ್ಕೆ ಸಹಿ ಹಾಕಿದವನು ನಾನೇ.

ಆಮೇಲೆ ನಾಲ್ಕಾರು ಹೋಟೆಲಿನ ಸೇಲ್ಸ್‌ನವರ ಜೊತೆ ಮಾತಾಡಿದ ಮೇಲೆ ಗೊತ್ತಾಯಿತು, ಈ ರಿಲೀಸ್ ಡೇಟ್ ಅನ್ನುವ ಒಂದೇ ಮಾತಿಗೆ ಎರಡು ಅರ್ಥ. ಮೊದಲನೆಯದರಲ್ಲಿ ಹೋಟೆಲಿನವರು ರೂಮುಗಳನ್ನು ನಮಗಾಗಿ ಸುಮ್ನೆ ಹಿಡಿದಿಟ್ಟಿರುತ್ತಾರೆ. ಆ ದಿನ ಬಂದರೆ ಹೆಸರಿಲ್ಲದ ರೂಮು ತಾನಾಗಿ ಅವರ ಮಾರಾಟಕ್ಕೆ ವಾಪಸ್ ಹೋಗುತ್ತದೆ. ನಮಗೆ ದಂಡ ಇಲ್ಲ, ಹಕ್ಕೂ ಇಲ್ಲ. ಎರಡನೆಯದರಲ್ಲಿ ಉಲ್ಟಾ. ಆ ದಿನದವರೆಗೆ ನಾವು ಬೇಡವಾದ ರೂಮು ವಾಪಸ್ ಕೊಡಬಹುದು. ದಿನ ದಾಟಿತೋ, ಉಳಿದ ಅಷ್ಟೂ ರೂಮು ನಮ್ಮದು, ಯಾರು ಮಲಗಲಿ ಬಿಡಲಿ ದುಡ್ಡು ಕೊಡಲೇಬೇಕು. ಈಗ ನಾನು ಹೋಟೆಲಿಗೆ ಕಾಲಿಟ್ಟ ಮೊದಲ ದಿನವೇ ಕೇಳುವುದು ಇದನ್ನೇ: ಆ ದಿನ ನಾವು ಏನೂ ಮಾಡದೆ ಕೂತರೆ ರೂಮು ಹೋಗುತ್ತೋ, ದುಡ್ಡು ಹೋಗುತ್ತೋ? ಉತ್ತರವನ್ನು ಪತ್ರದಲ್ಲಿ ಬರೆಸಿಕೊಳ್ಳುತ್ತೇನೆ.

ಮುಂದಿನ ಸಲ ಸಮ್ಮೇಳನ 2025ರ ಜುಲೈ 12 ಮತ್ತು 13, ಶನಿವಾರ ಭಾನುವಾರ. ಆಷಾಢ, ಮದುವೆಗಳ ಕಾಟ ಇಲ್ಲ. ಆದರೆ ಹಿಂದಿನ ದಿನ ಆಷಾಢ ಶುಕ್ರವಾರ, ಚಾಮುಂಡಿ ಬೆಟ್ಟಕ್ಕೆ ಜನವೋ ಜನ. ಮೈಸೂರಿನಲ್ಲಿ ಕ್ಯಾಲೆಂಡರ್ ಜೊತೆ ಪಂಚಾಂಗವನ್ನೂ ನೋಡಿಯೇ ರೂಮು ಕೇಳಬೇಕು. ಹಾಗಾಗಿ ಸುಮ್ನೆ ಹಿಡಿದಿಡುವ ವ್ಯವಸ್ಥೆ ಬೇಡ, ದುಡ್ಡು ಹೋದರೂ ರೂಮು ಹೋಗದ ಎರಡನೇ ಬಗೆಯೇ ಇರಲಿ ಅಂತ ತೀರ್ಮಾನಿಸಿದೆ.

ಎಷ್ಟು ರೂಮು ಅಂತ ಕೇಳುವಾಗ ಮೊದಲ ಸಲ ಮಾಡಿದ ಇನ್ನೊಂದು ತಪ್ಪು ತಿದ್ದಿಕೊಂಡೆ. '32 ರೂಮು, ಮೂರು ರಾತ್ರಿ' ಅಂದರೆ 96 ರೂಮು-ರಾತ್ರಿ ಆಗುತ್ತದೆ. ಆದರೆ ಎಲ್ಲರೂ ಮೂರೂ ರಾತ್ರಿ ಇರುವುದಿಲ್ಲ. ಭಾನುವಾರ ಸಂಜೆಯ ಬಸ್ಸಿಗೆ ಮುಕ್ಕಾಲು ಪಾಲು ಜನ ಹೊರಟುಬಿಡುತ್ತಾರೆ. ಅದಕ್ಕೇ ರಾತ್ರಿ ಲೆಕ್ಕದಲ್ಲಿ ಕೇಳಿದೆ: ಶುಕ್ರವಾರ 26, ಶನಿವಾರ 32, ಭಾನುವಾರ 8. ಒಟ್ಟು 66. ಬಾಡಿಗೆ ತಿಂಡಿ ಸೇರಿ ರೂಮಿಗೆ ರಾತ್ರಿಗೆ 2,600, ಮೇಲೆ ಆಗ ಶೇ 12 ಜಿಎಸ್‌ಟಿ. (ರಾತ್ರಿಗೆ 7,500ರವರೆಗಿನ ರೂಮುಗಳಿಗೆ ಆ ವರ್ಷ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿಯಿತು. ನಮಗೆ ಎರಡು ತಿಂಗಳು ತಡವಾಯಿತು.)

ಹೋಟೆಲಿನವರು ರಿಲೀಸ್ ಡೇಟ್ ಜೂನ್ 11 ಅಂದರು, ಅಂದರೆ ಒಂದು ತಿಂಗಳು ಮುಂಚೆ. ನಮ್ಮ ನೋಂದಣಿಯ ಕೊನೆಯ ದಿನ ಜೂನ್ 25 ಅಂತ ಇತ್ತು. ಎಷ್ಟು ಎಳೆದಾಡಿದರೂ ಅವರು ಜಗ್ಗಲಿಲ್ಲ. ಕೊನೆಗೆ ನಾನು ನಮ್ಮ ಕಡೆಯೇ ಬದಲಿಸಿದೆ. ವಸತಿ ಬೇಕಾದವರಿಗೆ ಮಾತ್ರ ಕೊನೆಯ ದಿನ ಜೂನ್ 8, ಉಳಿದವರಿಗೆ 25. ಕಾರ್ಯದರ್ಶಿಗಳು ಗೊಣಗಿದರು, ಆದರೆ ಒಪ್ಪಿದರು. ಹೋಟೆಲಿನವರಿಂದ ಒಂದು ಮಾತ್ರ ಗಿಟ್ಟಿಸಿಕೊಂಡೆ. ಜೂನ್ 11ರೊಳಗೆ ಅರ್ಧದವರೆಗೂ ವಾಪಸ್ ಕೊಡಬಹುದು, ಆಮೇಲೆ ಜೂನ್ 27ರೊಳಗೆ ಉಳಿದದ್ದರಲ್ಲಿ ಇನ್ನು ಶೇ 10ರಷ್ಟು ಕೊಡಬಹುದು. ಈ ಎರಡನೇ ಕಂತು ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ, ನಂಬಿ.

ಜೂನ್ 8ಕ್ಕೆ 53 ಜನ ವಸತಿ ಕೇಳಿದ್ದರು. ಈಗ ಶುರುವಾಗುವುದು ರೂಮಿಂಗ್ ಲಿಸ್ಟ್. ನಾನು ರೂಮಿಗೊಂದು ಸಾಲು ಬರೆಯುತ್ತೇನೆ, ಆ ಸಾಲಿನಲ್ಲೇ ಇಬ್ಬರ ಹೆಸರು. ಪಕ್ಕದಲ್ಲಿ ಶುಕ್ರವಾರ ರಾತ್ರಿ, ಶನಿವಾರ ರಾತ್ರಿ, ಭಾನುವಾರ ರಾತ್ರಿ ಅಂತ ಮೂರು ಕಾಲಮ್. ಇದ್ದರೆ 1, ಇಲ್ಲದಿದ್ದರೆ 0. ಕೆಳಗೆ ಕೂಡಿಸಿದರೆ ಆಯಾ ರಾತ್ರಿಗೆ ಎಷ್ಟು ರೂಮು ಅಂತ ಬರುತ್ತದೆ. 'ಬರುವ ದಿನಾಂಕ' ಅಂತ ಬರೆಸಿಕೊಂಡರೆ ಕೆಡುತ್ತದೆ. ಒಬ್ಬರ ರೈಲು ರಾತ್ರಿ 12.40ಕ್ಕೆ ಬರುತ್ತಿತ್ತು. ಟಿಕೆಟ್ ಪ್ರಕಾರ ಅದು ಶನಿವಾರ, ಹಾಗೇ ಬರೆದಿದ್ದರು. ಹೋಟೆಲಿನ ಲೆಕ್ಕದಲ್ಲಿ ಅದು ಶುಕ್ರವಾರದ ರಾತ್ರಿ. ಅವರನ್ನು ಶನಿವಾರಕ್ಕೆ ಹಾಕಿದ್ದರೆ ನಡುರಾತ್ರಿ ಲಾಬಿಯಲ್ಲಿ ಕೂರಬೇಕಿತ್ತು. ಶುಕ್ರವಾರಕ್ಕೇ ಹಾಕಿ 'ತಡವಾಗಿ ಬರುತ್ತಾರೆ' ಅಂತಲೂ ಬರೆದೆ. ಇದು ಬರೆಯದಿದ್ದರೆ ಇನ್ನೊಂದು ಅಪಾಯ. ಮೊದಲ ರಾತ್ರಿ ಗಿರಾಕಿ ಬರಲಿಲ್ಲ ಅಂದರೆ ಕೆಲವು ಹೋಟೆಲುಗಳಲ್ಲಿ ಮುಂದಿನ ರಾತ್ರಿಯ ಬುಕಿಂಗೂ ರದ್ದಾಗುತ್ತದೆ.

ಇನ್ನು ಕಲಬುರಗಿ, ಬೀದರ್, ಬೆಳಗಾವಿ ಕಡೆಯವರು. ರಾತ್ರಿ ಬಸ್ಸಿಗೆ ಹೊರಟು ಶನಿವಾರ ಬೆಳಿಗ್ಗೆ ಇಳಿಯುವವರು 11 ಜನ ಇದ್ದರು. ಚೆಕ್-ಇನ್ ಮಧ್ಯಾಹ್ನ 12ಕ್ಕೆ. ಉದ್ಘಾಟನೆ 10ಕ್ಕೆ. ಸ್ನಾನ ಎಲ್ಲಿ ಮಾಡುತ್ತಾರೆ? ಎಲ್ಲರಿಗೂ ಶುಕ್ರವಾರ ರಾತ್ರಿಗೇ ರೂಮು ತೆಗೆದರೆ ಯಾರೂ ಮಲಗದ ಐದಾರು ರೂಮಿಗೆ ದುಡ್ಡು. ಅದಕ್ಕೆ ಎರಡೇ ರೂಮು ತೆಗೆದೆ, ಗಂಡಸರಿಗೊಂದು, ಹೆಂಗಸರಿಗೊಂದು. ಸ್ನಾನ ಮಾಡಿ, ಬ್ಯಾಗನ್ನು ಹೋಟೆಲಿನವರ ಹತ್ತಿರ ಬಿಟ್ಟು ನೇರ ಸಭಾಂಗಣಕ್ಕೆ. ಸಾಲು ನಿಲ್ಲಬೇಕಾಯಿತು, ಆದರೆ ಯಾರೂ ಬೈಯಲಿಲ್ಲ.

ಜೋಡಿ ಹಾಕುವುದು ಇನ್ನೊಂದು ಕಥೆ. ಎಲ್ಲರೂ ಗೆಳೆಯರ ಹೆಸರು ಕೊಡುತ್ತಾರೆ. ನಾಲ್ವರು ಮೇಡಂಗಳಲ್ಲಿ ಇಬ್ಬರು ಶುಕ್ರವಾರ ಬರುವವರು, ಇಬ್ಬರು ಶನಿವಾರ ಸಂಜೆ. ಅವರು ಕೇಳಿದ ಹಾಗೆ ಶುಕ್ರವಾರದವರೊಬ್ಬರು, ಶನಿವಾರದವರೊಬ್ಬರು ಅಂತ ಜೋಡಿ ಹಾಕಿದರೆ ಎರಡು ರೂಮೂ ಶುಕ್ರವಾರದಿಂದಲೇ ಬೇಕು, ನಾಲ್ಕು ರೂಮು-ರಾತ್ರಿ. ಒಟ್ಟಿಗೆ ಬರುವವರನ್ನು ಒಟ್ಟಿಗೆ ಹಾಕಿದರೆ ಮೂರೇ. ಫೋನ್ ಮಾಡಿ ಕೇಳಿದೆ, ನಗುತ್ತಾ ಒಪ್ಪಿದರು. ಶಶಿ, ಕಿರಣ ಅಂತ ಹೆಸರಿದ್ದರಂತೂ ಫೋನ್ ಮಾಡದೆ ಯಾರ ಜೊತೆಯೂ ಹಾಕಬೇಡಿ! ಆಧಾರ್‌ನಲ್ಲಿ ಇರುವ ಹೆಸರನ್ನೇ ಬರೆಸಿಕೊಳ್ಳಿ. ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿದಾಗ ಪಟ್ಟಿಯಲ್ಲಿ ಹುಡುಕುವುದು ಆ ಹೆಸರನ್ನೇ.

ಮಂಚದ ವಿಷಯ ಪಟ್ಟಿಗಿಂತ ಮುಂಚೆಯೇ ಇತ್ಯರ್ಥ ಆಗಬೇಕು. ಮೊದಲ ಸಲ 'ಇಬ್ಬರ ರೂಮು' ಅಂತ ಮಾತ್ರ ಬರೆಸಿದ್ದೆ. ಪರಿಚಯವೇ ಇಲ್ಲದ ಇಬ್ಬರು ಹಿರಿಯರಿಗೆ ಒಂದೇ ದೊಡ್ಡ ಮಂಚ ಸಿಕ್ಕಿತು. ಒಬ್ಬರ ಗೊರಕೆ ತಡೆಯಲಾಗದೆ ಇನ್ನೊಬ್ಬರು ಲಾಬಿಯ ಸೋಫಾದಲ್ಲಿ ಬೆಳಗು ಮಾಡಿದರು. ಇಂದಿಗೂ ಸಿಕ್ಕಾಗಲೆಲ್ಲ ಅದನ್ನೇ ಹೇಳುತ್ತಾರೆ. ಈಗ ಹೋಟೆಲಿಗೆ ಹೋಗಿ, ಬೇರೆ ಬೇರೆ ಮಂಚದ ಟ್ವಿನ್ ರೂಮು ಎಷ್ಟಿವೆ ಅಂತ ಕಣ್ಣಾರೆ ಎಣಿಸಿ, ಆ ಸಂಖ್ಯೆಯನ್ನು ಪತ್ರದಲ್ಲಿ ಹಾಕಿಸುತ್ತೇನೆ.

ಜುಲೈಗೆ ಶನಿವಾರ ರಾತ್ರಿಯ ಲೆಕ್ಕ ಹೀಗೆ ಬಂತು: 22 ಟ್ವಿನ್ ರೂಮಿನಲ್ಲಿ 44 ಜನ, ಎಕ್ಸ್‌ಟ್ರಾ ಬೆಡ್ ಹಾಕಿದ 3 ರೂಮಿನಲ್ಲಿ 9 ಜನ, ಒಟ್ಟು 25 ರೂಮು. ಶುಕ್ರವಾರ ಮಲಗುವವರಿಗೆ 18, ಸ್ನಾನಕ್ಕೆ 2, ಒಟ್ಟು 20. ಭಾನುವಾರ 5. ತಡವಾಗಿ ಎದ್ದು ಬರುವವರು ಇದ್ದೇ ಇರುತ್ತಾರೆ ಅಂತ ಶುಕ್ರವಾರಕ್ಕೆ 2, ಶನಿವಾರಕ್ಕೆ 2, ಭಾನುವಾರಕ್ಕೆ 1 ಕೈಯಲ್ಲಿ ಇಟ್ಟುಕೊಂಡೆ. ಉಳಿದ 11 ರೂಮು-ರಾತ್ರಿಯನ್ನು ಜೂನ್ 10ಕ್ಕೇ, ಒಂದು ದಿನ ಮುಂಚೆ, ಮೇಲ್‌ನಲ್ಲಿ ವಾಪಸ್ ಕೊಟ್ಟೆ. 'ಬಂತು' ಅಂತ ಅವರ ಉತ್ತರ ಬರುವವರೆಗೆ ಬಿಡಲಿಲ್ಲ. ಫೋನಿನಲ್ಲಿ ಹೇಳಿದ್ದು ಹೇಳಿದ ಹಾಗಲ್ಲ. ಆ ಸೇಲ್ಸ್ ಹುಡುಗ ಕೆಲಸ ಬಿಟ್ಟರೆ ಮಾತೂ ಅವನ ಜೊತೆ ಹೋಯಿತು.

ಜೂನ್ 27ರ ಹೊತ್ತಿಗೆ ಇನ್ನೂ ಮೂವರು ಸೇರಿಕೊಂಡರು. ಶುಕ್ರವಾರದ ಒಂದು ರೂಮು ವಾಪಸ್ ಕೊಟ್ಟೆ. ಉಳಿದದ್ದು 21, 27, 6. ಒಟ್ಟು 54. ಜುಲೈ 4ಕ್ಕೆ ಹೆಸರುಗಳ ಪಟ್ಟಿ ಹೋಯಿತು. ಅಲ್ಲಿಂದ ಮುಂದೆ ಬದಲಾವಣೆ ಆದರೆ ಹೊಸ ಪಟ್ಟಿಗೆ ಹೊಸ ನಂಬರ್ ಹಾಕಿ, ಬದಲಾದ ಸಾಲಿಗೆ ಮಾತ್ರ ಹಳದಿ ಬಣ್ಣ ಹಚ್ಚಿ ಕಳಿಸುತ್ತಿದ್ದೆ. ಹೋಟೆಲಿನ ಜೊತೆ ಮಾತಾಡುವುದು ನಾನೊಬ್ಬನೇ ಅಂತ ಸಮಿತಿಯಲ್ಲಿ ಮೊದಲೇ ಹೇಳಿಬಿಟ್ಟಿದ್ದೆ. ರೂಮು, ತಿಂಡಿ ಸಂಘದ ಬಿಲ್ಲಿಗೆ, ಬಟ್ಟೆ ಒಗೆಸುವುದು, ರೂಮಿಗೆ ತರಿಸಿಕೊಂಡ ಕಾಫಿ ಅವರವರ ಜೇಬಿಗೆ ಅಂತ ಪ್ರತಿನಿಧಿಗಳಿಗೂ ಮೆಸೇಜ್ ಹೋಗಿತ್ತು.

ಪ್ರತಿ ರಾತ್ರಿ ಹತ್ತೂವರೆಗೆ ಫ್ರಂಟ್ ಆಫೀಸಿಗೆ ಹೋಗಿ, ಅವರ ಕಂಪ್ಯೂಟರಿನಲ್ಲಿ ಎಷ್ಟು ರೂಮು ತುಂಬಿವೆ ಅಂತ ಕೇಳಿ ನನ್ನ ಪಟ್ಟಿಯ ಕೆಳಗೆ ಬರೆದು ಅವರ ಸಹಿ ಹಾಕಿಸಿಕೊಂಡೆ. ಸೋಮವಾರ ಬಿಲ್ ಬಂದಾಗ ಶನಿವಾರಕ್ಕೆ 28 ರೂಮು ಇತ್ತು! ಸಹಿ ಇರುವ ಕಾಗದ ತೋರಿಸಿದೆ. ಹುಡುಕಿದರು. ಎಸಿ ಕೆಟ್ಟಿದ್ದರಿಂದ ಒಬ್ಬರನ್ನು ಬೇರೆ ರೂಮಿಗೆ ಕಳಿಸಿದ್ದರು, ಎರಡೂ ರೂಮಿಗೆ ಬಾಡಿಗೆ ಬಿದ್ದಿತ್ತು. ಒಂದನ್ನು ಕಳೆದರು.

ನಾಲ್ವರು ಬರಲೇ ಇಲ್ಲ. ಅವರಲ್ಲಿ ಇಬ್ಬರು ಒಂದೇ ರೂಮಿನವರು, ಶುಕ್ರವಾರ, ಶನಿವಾರ ಎರಡು ರಾತ್ರಿ ಆ ರೂಮು ಖಾಲಿ ಬಿತ್ತು. ತೆರಿಗೆ ಸೇರಿ 5,824 ರೂಪಾಯಿ. ನಮ್ಮ ಖಜಾಂಚಿ ಬಿಲ್ಲಿನ ಆ ಸಾಲಿನ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದರು. ಹೋದ ಸಲ ಲಾಡ್ಜುಗಳಿಗೆ, ಆಟೋಗಳಿಗೆ ಕೊಟ್ಟ ಲೆಕ್ಕದ ಹಾಳೆಯನ್ನು ಪಕ್ಕಕ್ಕೆ ಇಟ್ಟೆ. ಅವರು ಎರಡನ್ನೂ ನೋಡಿ ಚೆಕ್ಕಿಗೆ ಸಹಿ ಹಾಕಿದರು.